ಚೀಟಿ ಎತ್ತಿದವರಿಗೆಷ್ಟು, ಬಿಟ್ಟವರಿಗೆಷ್ಟು

ಚೀಟಿ ಅನ್ನೋ ಪದದಲ್ಲೇ ಅದರ ಅರ್ಧ ಇತಿಹಾಸ ಇದೆ. ಕಾಗದದ ಚೂರುಗಳ ಮೇಲೆ ಹೆಸರು ಬರೆದು, ಮಡಚಿ, ಡಬ್ಬಿಗೆ ಹಾಕಿ ಕುಲುಕಿ, ಅಲ್ಲೇ ಆಡ್ತಿರೋ ಒಂದು ಮಗುವನ್ನ ಕರೆದು ಎತ್ತಿಸೋದು. ನಮ್ಮೂರಲ್ಲಿ ಅವ್ವ ಮತ್ತು ಅಕ್ಕಪಕ್ಕದ ಮನೆಯವರು ಹಾಕ್ತಿದ್ದದ್ದು ಇಂಥ ಚೀಟಿ. 10 ಜನ, ತಿಂಗಳಿಗೆ 500 ರೂಪಾಯಿ. ಯಾರ ಹೆಸರು ಬಂತೋ ಅವರಿಗೆ ಆ ತಿಂಗಳ 5,000. ಬಡ್ಡಿ ಇಲ್ಲ, ಕಮಿಷನ್ ಇಲ್ಲ, ಲೆಕ್ಕ ಬರೆಯೋಕೆ ಹಳೇ ಕ್ಯಾಲೆಂಡರಿನ ಹಿಂಭಾಗ ಸಾಕು.

ಬಡ್ಡಿ ಇಲ್ಲ ಅಂದೆ, ಆದರೆ ಅದು ಪೂರ್ತಿ ನಿಜವಲ್ಲ. ಮೊದಲ ತಿಂಗಳು ಹೆಸರು ಬಂದವಳಿಗೆ ಬಡ್ಡಿಯಿಲ್ಲದ ಸಾಲ ಸಿಕ್ಕ ಹಾಗೆ. ಕೊನೇ ತಿಂಗಳು ಬಂದವಳು ಹತ್ತು ತಿಂಗಳು ಬಡ್ಡಿಯಿಲ್ಲದೆ ದುಡ್ಡು ಕೂಡಿಟ್ಟ ಹಾಗೆ. ಯಾರಿಗೆ ಯಾವುದು ಅನ್ನೋದು ಡಬ್ಬಿಯ ಕೈಲಿ. ಮಗಳ ಮದುವೆ ಇರೋದು ಎರಡನೇ ತಿಂಗಳಲ್ಲಿ, ಹೆಸರು ಬರೋದು ಎಂಟನೇ ತಿಂಗಳಲ್ಲಿ ಅಂದರೆ ಏನು ಮಾಡೋದು? "ಈ ಸಲದ ಚೀಟಿ ನನಗೆ ಬಿಟ್ಕೊಡಿ, ಎಲ್ಲರಿಗೂ ಐವತ್ತೈವತ್ತು ಬಿಡ್ತೀನಿ" ಅಂತ ಕೇಳಬಹುದು. ಇನ್ನೊಬ್ಬಳಿಗೂ ಅದೇ ತಿಂಗಳು ಬೇಕಿದ್ದರೆ ಅವಳು ಅರವತ್ತು ಅನ್ನುತ್ತಾಳೆ. ಅಷ್ಟು ಹೊತ್ತಿಗೆ ಹರಾಜು ಶುರುವಾಗಿರುತ್ತೆ. ಲಾಟರಿ ಚೀಟಿಗೂ ಹರಾಜು ಚೀಟಿಗೂ ವ್ಯತ್ಯಾಸ ಇಷ್ಟೇ: ಒಂದರಲ್ಲಿ ಸರದಿಯನ್ನ ಅದೃಷ್ಟ ತೀರ್ಮಾನ ಮಾಡುತ್ತೆ, ಇನ್ನೊಂದರಲ್ಲಿ ಸರದಿಗೆ ಬೆಲೆ ಕಟ್ಟುತ್ತಾರೆ.

ಹರಾಜು ಬಂದರೆ ಕೂಗಿಸುವವನು ಬೇಕು, ಲೆಕ್ಕ ಇಡುವವನು ಬೇಕು, ಎತ್ತಿಕೊಂಡು ಹೋದವನು ಮುಂದಿನ ಕಂತು ಕಟ್ಟದಿದ್ದರೆ ಅವನ ಮನೆ ಬಾಗಿಲಿಗೆ ಹೋಗುವವನು ಬೇಕು. ಕಾನೂನಿನ ಭಾಷೆಯಲ್ಲಿ ಇವನ ಹೆಸರು ಫೋರ್‌ಮನ್. ಚೀಟಿ ಕಾನೂನುಗಳ ಇತಿಹಾಸ ಅಂದರೆ ಈ ಒಬ್ಬ ಮನುಷ್ಯನನ್ನು ಹಿಡಿತದಲ್ಲಿಡುವ ಪ್ರಯತ್ನದ ಇತಿಹಾಸ ಅಂತಲೇ ನನಗನ್ನಿಸುತ್ತೆ. ಇದನ್ನು ಮೊದಲು ಗಂಭೀರವಾಗಿ ತಗೊಂಡದ್ದು ಈಗಿನ ಕೇರಳದ ಸಂಸ್ಥಾನಗಳು. ಅಲ್ಲಿ ಇದಕ್ಕೆ ಚಿಟ್ಟಿ ಅಥವಾ ಕುರಿ ಅಂತಾರೆ. (ತ್ರಿಶೂರಿನಲ್ಲಿ 'ಕುರಿ ಕಂಪನಿ' ಅನ್ನೋ ಬೋರ್ಡು ನೋಡಿ ನಗೋ ಕನ್ನಡಿಗರು ನಾನೊಬ್ಬನೇ ಅಲ್ಲ.) ಕೊಚ್ಚಿ ಸಂಸ್ಥಾನ 1930ರ ದಶಕದ ಆರಂಭದಲ್ಲೇ ಕುರಿಗಳಿಗೆ ಪ್ರತ್ಯೇಕ ಕಾನೂನು ಮಾಡಿತು. ತಿರುವಾಂಕೂರಿನ ಚಿಟ್ಟಿ ಕಾನೂನು 1945ರದ್ದು. ಮದರಾಸು ರಾಜ್ಯದ್ದು 1961ರದ್ದು.

1970ರ ದಶಕದಲ್ಲಿ ಚೀಟಿಯ ಹೆಸರಿನಲ್ಲೇ ಇನ್ನೊಂದು ವ್ಯಾಪಾರ ಬೆಳೆಯಿತು: ಪ್ರೈಜ್ ಚಿಟ್. ತಿಂಗಳು ತಿಂಗಳು ಎಲ್ಲರಿಂದ ದುಡ್ಡು ಎತ್ತೋದು, ಲಾಟರಿಯಲ್ಲಿ ಗೆದ್ದ ಒಬ್ಬನಿಗೆ ಬಹುಮಾನ ಕೊಟ್ಟು ಅವನನ್ನ ಹೊರಗೆ ಕಳಿಸೋದು, ಉಳಿದವರ ದುಡ್ಡನ್ನ ಅವಧಿ ಮುಗಿಯೋವರೆಗೂ ಕಂಪನಿಯೇ ಇಟ್ಟುಕೊಂಡು ಆಡಿಸೋದು. ಮೇಲ್ನೋಟಕ್ಕೆ ಚೀಟಿಯಂತೆ ಕಂಡರೂ ದುಡ್ಡಿನ ದಾರಿ ಬೇರೆ. ನಿಜವಾದ ಚೀಟಿಯಲ್ಲಿ ಆ ತಿಂಗಳು ಬಂದ ದುಡ್ಡು ಆ ತಿಂಗಳೇ ಸದಸ್ಯನೊಬ್ಬನ ಕೈ ಸೇರುತ್ತೆ, ಫೋರ್‌ಮನ್ ಹತ್ತಿರ ಗುಡ್ಡೆ ಬೀಳೋದಿಲ್ಲ. ಪ್ರೈಜ್ ಚಿಟ್‌ನಲ್ಲಿ ಗುಡ್ಡೆ ಬೀಳೋದೇ ಉದ್ದೇಶ. ರಿಸರ್ವ್ ಬ್ಯಾಂಕ್ ನೇಮಿಸಿದ ಜೇಮ್ಸ್ ರಾಜ್ ಅಧ್ಯಯನ ತಂಡ ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಗುರುತಿಸಿ ಪ್ರೈಜ್ ಚಿಟ್‌ಗಳನ್ನು ನಿಷೇಧಿಸಬೇಕು ಅಂದಿತು. 1978ರಲ್ಲಿ ನಿಷೇಧದ ಕಾನೂನು ಬಂತು. ನಾಲ್ಕು ವರ್ಷದ ನಂತರ, ನಿಜವಾದ ಚೀಟಿಗಳಿಗೆ ಇಡೀ ದೇಶಕ್ಕೆ ಒಂದೇ ಚೌಕಟ್ಟು ಹಾಕುವ 1982ರ ಚಿಟ್ ಫಂಡ್ಸ್ ಕಾಯ್ದೆ ಬಂತು. ಬೆಂಗಳೂರಿನಲ್ಲಿ ಇವತ್ತು ನೀವು ಹಾಕೋ ನೋಂದಾಯಿತ ಚೀಟಿ, ಅದು ಖಾಸಗಿ ಕಂಪನಿಯದ್ದಿರಲಿ, ನಮ್ಮ ಸರ್ಕಾರದ್ದೇ ಆದ ಎಂಎಸ್‌ಐಎಲ್‌ನದ್ದಿರಲಿ, ನಡೆಯೋದು ಈ ಕಾಯ್ದೆಯ ಕೆಳಗೆ.

ಈಗ ಲೆಕ್ಕಕ್ಕೆ ಬರೋಣ. ಒಂದು ಲಕ್ಷದ ಚೀಟಿ ತಗೊಳ್ಳಿ. 20 ಸದಸ್ಯರು, 20 ತಿಂಗಳು, ತಿಂಗಳಿಗೆ 5,000. ಫೋರ್‌ಮನ್ ಕಮಿಷನ್ ಶೇಕಡಾ 5, ಅಂದರೆ ಪ್ರತಿ ತಿಂಗಳೂ 5,000. ಮೊದಲ ತಿಂಗಳ ಹರಾಜಿನಲ್ಲಿ ಒಬ್ಬ 25,000 ಬಿಡೋಕೆ ಒಪ್ಪಿದ ಅಂದುಕೊಳ್ಳಿ. ಈ 'ಬಿಟ್ಟ' ದುಡ್ಡೇ ಡಿಸ್ಕೌಂಟ್. ಅವನ ಕೈಗೆ 75,000. ಬಿಟ್ಟ 25,000ದಲ್ಲಿ ಫೋರ್‌ಮನ್‌ಗೆ 5,000 ಹೋಗಿ ಉಳಿದ 20,000 ಇಪ್ಪತ್ತೂ ಜನಕ್ಕೆ ಹಂಚಿಕೆಯಾಗುತ್ತೆ, ತಲಾ 1,000. ಇದು ಲಾಭಾಂಶ. ಎತ್ತಿದವನಿಗೂ ಇದರಲ್ಲಿ ಪಾಲಿದೆ. ಸಾಮಾನ್ಯವಾಗಿ ಇದನ್ನು ಕೈಗೆ ಕೊಡದೆ ಮುಂದಿನ ಕಂತಿನಲ್ಲಿ ಕಳೀತಾರೆ. ಲೆಕ್ಕ ಸುಲಭವಾಗಲಿ ಅಂತ ನಾನು ಅದೇ ತಿಂಗಳಲ್ಲೇ ಕಳೆದಿದ್ದೀನಿ. ಆಗ ಆ ತಿಂಗಳು ಎಲ್ಲರೂ ಕಟ್ಟೋದು 4,000.

ತಿಂಗಳು ಕಳೆದ ಹಾಗೆ ಕೂಗು ಇಳಿಯುತ್ತೆ. ಅರ್ಜೆಂಟ್ ಇದ್ದವರು ಎತ್ತಿಕೊಂಡು ಹೋಗಿರ್ತಾರೆ, ಉಳಿದವರಿಗೆ ಅವಸರ ಇರಲ್ಲ. ನಮ್ಮ ಚೀಟಿಯಲ್ಲಿ ಮೊದಲ ಐದು ತಿಂಗಳು 25,000ಕ್ಕೆ ಹೋಯಿತು, ಮುಂದಿನ ಐದು 20,000ಕ್ಕೆ, ಆಮೇಲಿನ ಐದು 12,000ಕ್ಕೆ, ಅದರ ನಂತರದ ನಾಲ್ಕು 8,000ಕ್ಕೆ ಅಂತಿಟ್ಟುಕೊಳ್ಳೋಣ. ಕೊನೇ ತಿಂಗಳು ಹರಾಜೇ ಇಲ್ಲ, ಉಳಿದ ಒಬ್ಬನಿಗೆ ಕಮಿಷನ್ ಕಳೆದು 95,000. ಹೀಗೆ ನಡೆದರೆ ಪ್ರತಿಯೊಬ್ಬರೂ ತಿಂಗಳಿಗೆ ಕಟ್ಟೋದು ಕ್ರಮವಾಗಿ 4,000, 4,250, 4,650, 4,850, ಕೊನೇ ತಿಂಗಳು 5,000. ಒಟ್ಟು 88,900.

ಎಷ್ಟೋ ಚೀಟಿಗಳಲ್ಲಿ ಒಂದು ತಿಂಗಳಿನ ಪೂರ್ತಿ ಮೊತ್ತ ಫೋರ್‌ಮನ್‌ಗೇ ಹೋಗುತ್ತೆ, ಡಿಸ್ಕೌಂಟ್ ಇಲ್ಲದೆ. ಕರಾರಿನಲ್ಲಿ ಬರೆದಿದ್ದರೆ ಕಾಯ್ದೆ ಅದಕ್ಕೆ ಅವಕಾಶ ಕೊಡುತ್ತೆ. ಆ ತಿಂಗಳು ಲಾಭಾಂಶ ಸೊನ್ನೆ. ನನ್ನ ಲೆಕ್ಕದಲ್ಲಿ ಅದನ್ನು ಬಿಟ್ಟಿದ್ದೀನಿ, ನಿಮ್ಮ ಲೆಕ್ಕದಲ್ಲಿ ಬಿಡಬೇಡಿ.

ಕೊನೇವರೆಗೂ ಕಾದವನನ್ನು ಮೊದಲು ನೋಡೋಣ, ಯಾಕಂದ್ರೆ ಏಜೆಂಟ್ ನಿಮಗೆ ಹೇಳೋದು ಅವನ ಕಥೆಯನ್ನೇ. 88,900 ಕಟ್ಟಿದ, 95,000 ತಗೊಂಡ. ಲಾಭ 6,100. ಇದನ್ನ 88,900ರಿಂದ ಭಾಗಿಸಿ "ಇಪ್ಪತ್ತು ತಿಂಗಳಿಗೆ ಬರೀ ಏಳು ಪರ್ಸೆಂಟಾ?" ಅಂತ ಮೂಗು ಮುರಿಯೋದು ತಪ್ಪು. ಅವನ ದುಡ್ಡೆಲ್ಲ ಇಪ್ಪತ್ತು ತಿಂಗಳು ಚೀಟಿಯಲ್ಲಿ ಇರಲಿಲ್ಲ. ಮೊದಲ ಕಂತು 19 ತಿಂಗಳು ಇತ್ತು, ಕೊನೇ ಕಂತು ಒಂದು ದಿನವೂ ಇರಲಿಲ್ಲ. ಸರಾಸರಿ ತೆಗೆದರೆ ಪ್ರತಿ ರೂಪಾಯಿ ಇದ್ದದ್ದು ಸುಮಾರು ಒಂಬತ್ತು ತಿಂಗಳು. ಒಂಬತ್ತು ತಿಂಗಳಿಗೆ ಏಳು ಪರ್ಸೆಂಟ್ ಅಂದರೆ ವರ್ಷಕ್ಕೆ ಸುಮಾರು ಒಂಬತ್ತು. ಸರಿಯಾಗಿ ಬೇಕು ಅಂದರೆ ಸ್ಪ್ರೆಡ್‌ಶೀಟ್ ತೆಗೆದು 20 ಸಾಲುಗಳಲ್ಲಿ ಕಟ್ಟಿದ್ದನ್ನ ಮೈನಸ್ ಹಾಕಿ ಬರೆಯಿರಿ. ಕೊನೇ ಸಾಲಿನಲ್ಲಿ 95,000ದಿಂದ ಆ ತಿಂಗಳ ಕಂತು ಕಳೆದು 90,000 ಅಂತ ಹಾಕಿ. ಆಮೇಲೆ:

```
=IRR(B1:B20)*12
```

ಉತ್ತರ ಶೇಕಡಾ 8.7ರ ಹತ್ತಿರ ಬರುತ್ತೆ. ಕೆಟ್ಟದ್ದಲ್ಲ. ಆದರೆ ಈ 8.7 ಎಲ್ಲಿಂದ ಬಂತು ನೋಡಿ. ಯಾರೂ ಇದನ್ನು ಮೊದಲೇ ನಿಗದಿ ಮಾಡಿರಲಿಲ್ಲ. ಮೊದಲು ಎತ್ತಿದವರು 25,000 ಬಿಟ್ಟರು ಅನ್ನೋ ಕಾರಣಕ್ಕೆ ಬಂತು. ಎಲ್ಲರೂ ಆರಾಮಾಗಿರೋ ಗುಂಪಿನಲ್ಲಿ, ಉದಾಹರಣೆಗೆ ಒಳ್ಳೆ ಸಂಬಳದ 20 ಇಂಜಿನಿಯರುಗಳು ಸೇರಿ ಹಾಕಿದ ಚೀಟಿಯಲ್ಲಿ, ಯಾರೂ ಅಷ್ಟು ಬಿಡಲ್ಲ, ಹಾಗಾಗಿ ಯಾರಿಗೂ ಅಷ್ಟು ಬರಲ್ಲ. ಚೀಟಿಯ ಲಾಭ ಇನ್ನೊಬ್ಬರ ಅವಸರದಿಂದಲೇ ಬರಬೇಕು, ಬೇರೆ ಮೂಲ ಇಲ್ಲ. ಇಪ್ಪತ್ತೂ ಜನರ ಲೆಕ್ಕ ಒಟ್ಟಿಗೆ ಕೂಡಿದರೆ ಇದು ಇನ್ನೂ ಸ್ಪಷ್ಟ: ಎಲ್ಲರೂ ಸೇರಿ ಕಟ್ಟಿದ್ದು 17,78,000, ಎಲ್ಲರೂ ಸೇರಿ ಪಡೆದದ್ದು 16,78,000. ಇಪ್ಪತ್ತು ತಿಂಗಳ ಕಮಿಷನ್ ಒಂದು ಲಕ್ಷ ಹೊರಗೆ ಹೋಯಿತು. ಗುಂಪಾಗಿ ನೋಡಿದರೆ ಚೀಟಿ ಯಾವಾಗಲೂ ನಷ್ಟವೇ.

ಈ ಕಮಿಷನ್ ಮೇಲೆ ಒಂದು ಕಣ್ಣಿಡಿ. 1982ರ ಕಾಯ್ದೆ ಅದಕ್ಕೆ ಶೇಕಡಾ 5ರ ಮಿತಿ ಹಾಕಿತ್ತು, 2019ರ ತಿದ್ದುಪಡಿ ಅದನ್ನು 7ಕ್ಕೆ ಏರಿಸಿತು. ಎರಡೇ ಪರ್ಸೆಂಟ್ ಅಲ್ವಾ ಅನ್ನಿಸುತ್ತೆ. ನಮ್ಮ ಚೀಟಿಯಲ್ಲಿ ಕೂಗು ಒಂದು ರೂಪಾಯಿಯೂ ಬದಲಾಗದೆ ಕಮಿಷನ್ ಮಾತ್ರ 7 ಆದರೆ, ಪ್ರತಿ ತಿಂಗಳ ಲಾಭಾಂಶ ತಲಾ 100 ರೂಪಾಯಿ ಕಡಿಮೆಯಾಗುತ್ತೆ, ಕೊನೆಯವನಿಗೆ ಸಿಗೋದು 95,000ದ ಬದಲು 93,000. ಅವನ ಲಾಭ 6,100ರಿಂದ 2,200ಕ್ಕೆ ಬೀಳುತ್ತೆ. ವರ್ಷಕ್ಕೆ ಶೇಕಡಾ 3ರ ಆಸುಪಾಸು, ಎಫ್‌ಡಿಗಿಂತ ಕಡಿಮೆ. ಕಮಿಷನ್ ಮೇಲಿನ ಜಿಎಸ್‌ಟಿ ಇನ್ನೂ ಬಾಕಿ ಇದೆ.

ಈಗ ಮೊದಲ ತಿಂಗಳೇ ಎತ್ತಿದವನು. 75,000 ಪಡೆದ, ಅದೇ ದಿನ 4,000 ಕಟ್ಟಿದ, ನಿಜವಾಗಿ ಕೈಯಲ್ಲಿ ಉಳಿದದ್ದು 71,000. ಮುಂದಿನ 19 ತಿಂಗಳಲ್ಲಿ ಅವನು ವಾಪಸ್ ಕಟ್ಟೋದು 84,900. ಅದೇ ಸೂತ್ರ ಹಾಕಿದರೆ ವರ್ಷಕ್ಕೆ ಶೇಕಡಾ 21ರ ಮೇಲೆ. ಊರ ಭಾಷೆಯಲ್ಲಿ ಹೇಳಬೇಕಂದ್ರೆ ನೂರಕ್ಕೆ ತಿಂಗಳಿಗೆ ಒಂದೂ ಮುಕ್ಕಾಲು ರೂಪಾಯಿ ಬಡ್ಡಿ. ಇದು ದುಬಾರಿಯೋ ಅಗ್ಗವೋ ಅನ್ನೋದು ನೀವು ಎಲ್ಲಿ ನಿಂತಿದ್ದೀರಿ ಅನ್ನೋದರ ಮೇಲೆ. ಕೈಸಾಲಕ್ಕೆ ನೂರಕ್ಕೆ ಮೂರು ರೂಪಾಯಿ ಕೊಡೋ ನಮ್ಮೂರಿನ ಅಂಗಡಿಯವನಿಗೆ ಇದು ಉಪಕಾರ. ಸಂಬಳದ ಸ್ಲಿಪ್ ತೋರಿಸಿ ಬ್ಯಾಂಕಿನಲ್ಲಿ 12ಕ್ಕೋ 13ಕ್ಕೋ ಪರ್ಸನಲ್ ಲೋನ್ ತಗೊಳ್ಳಬಹುದಾದ ನಿಮಗೆ ಅಲ್ಲ.

ಮೊದಲಿನವನು, ಕೊನೆಯವನು ಇಬ್ಬರ ಬಗ್ಗೆಯೂ ಎಲ್ಲರೂ ಮಾತಾಡ್ತಾರೆ. ನನ್ನ ಮಟ್ಟಿಗೆ ನೋಡಲೇಬೇಕಾದವನು ಮಧ್ಯದವನು, ಹತ್ತನೇ ತಿಂಗಳಲ್ಲಿ 20,000 ಬಿಟ್ಟು 80,000 ಎತ್ತಿದವನು. "ಮೊದಲಿನವನು 25 ಬಿಟ್ಟ, ನಾನು 20ಕ್ಕೇ ಎತ್ತಿದೆ" ಅನ್ನೋ ಸಮಾಧಾನ ಅವನಿಗೆ. ಆದರೆ ಅಷ್ಟು ಹೊತ್ತಿಗೆ ಒಂಬತ್ತು ಕಂತುಗಳಲ್ಲಿ ಅವನು ತನ್ನದೇ 37,000 ಕಟ್ಟಿರ್ತಾನೆ. ಹತ್ತನೇ ಕಂತು ಕಳೆದು ಅವನ ಕೈಗೆ ಬಂದದ್ದು 75,750. ಅದರಲ್ಲಿ 37,000 ಅವನ ದುಡ್ಡೇ. ನಿಜವಾದ ಸಾಲ 38,750 ಮಾತ್ರ. ಇದಕ್ಕೆ ಮುಂದಿನ ಹತ್ತು ತಿಂಗಳಲ್ಲಿ ಅವನು ಕಟ್ಟೋದು 47,650. ಅಂದರೆ 38,750 ರೂಪಾಯಿಗೆ 8,900 ಬಡ್ಡಿ, ಅದೂ ತಿಂಗಳು ತಿಂಗಳು ಅಸಲು ಕರಗ್ತಾ ಇರುವಾಗ. ಲೆಕ್ಕ ಹಾಕಿದರೆ ನೂರಕ್ಕೆ ತಿಂಗಳಿಗೆ ಮೂರೂ ಮುಕ್ಕಾಲು ರೂಪಾಯಿಗಿಂತ ಹೆಚ್ಚು. ಮೊದಲಿನವನ ಎರಡರಷ್ಟು! ನಮ್ಮೂರಿನ ಬಡ್ಡಿ ಸಾಹುಕಾರನೂ ಇಷ್ಟು ಕೇಳಲ್ಲ.

ಯಾಕೆ ಹೀಗೆ? ಡಿಸ್ಕೌಂಟ್ ಅನ್ನೋದು ಪೂರ್ತಿ ಒಂದು ಲಕ್ಷದ ಮೇಲೆ ಕೂಗೋದು. ಆದರೆ ತಿಂಗಳು ಕಳೆದ ಹಾಗೆ ಆ ಲಕ್ಷದಲ್ಲಿ ಸಾಲದ ಪಾಲು ಕಡಿಮೆಯಾಗ್ತಾ, ನಿಮ್ಮದೇ ದುಡ್ಡಿನ ಪಾಲು ಜಾಸ್ತಿಯಾಗ್ತಾ ಹೋಗುತ್ತೆ. ಸಾಲ ತೀರಿಸೋ ಅವಧಿಯೂ ಚಿಕ್ಕದಾಗ್ತಾ ಹೋಗುತ್ತೆ. ಎರಡೂ ಒಟ್ಟಿಗೆ ಕುಗ್ಗುವಾಗ ಕೂಗು ಬಹಳ ಬೇಗ ಇಳಿಯಬೇಕು. ಹರಾಜಿನ ಬಿಸಿಯಲ್ಲಿ ಹಾಗಾಗಲ್ಲ, ಹೋದ ತಿಂಗಳು ಎಷ್ಟಕ್ಕೆ ಹೋಯ್ತು ಅನ್ನೋದನ್ನೇ ಎಲ್ಲರೂ ಅಳತೆಗೋಲು ಮಾಡಿಕೊಂಡಿರ್ತಾರೆ. ಕೂಗೋ ಮುಂಚೆ ಎರಡು ಅಂಕಿ ಬರೆದುಕೊಳ್ಳಿ: ಕೈಗೆ ಬರೋದರಲ್ಲಿ ನಾನು ಈಗಾಗಲೇ ಕಟ್ಟಿದ್ದನ್ನ ಕಳೆದರೆ ಎಷ್ಟು, ಇನ್ನು ಮುಂದೆ ಕಟ್ಟಬೇಕಾದದ್ದು ಎಷ್ಟು. ಎರಡರ ವ್ಯತ್ಯಾಸ ನಿಮ್ಮ ಬಡ್ಡಿ.

ಅವಸರದವರು ಮಿತಿ ಮೀರಿ ಬಿಡಬಾರದು ಅಂತ ಕಾನೂನು ಕೂಗಿಗೂ ಒಂದು ಗೆರೆ ಎಳೆದಿದೆ. 1982ರ ಕಾಯ್ದೆ ಬಂದಾಗ ಅದು ಚೀಟಿ ಮೊತ್ತದ ಶೇಕಡಾ 30. ನಿಮ್ಮ ಕರಾರಿನಲ್ಲಿ ಎಷ್ಟಿದೆ ಅಂತ ನೋಡಿಕೊಳ್ಳಿ. ಇದರ ಒಂದು ತಮಾಷೆಯ ಪರಿಣಾಮ ಅಂದ್ರೆ, ಮೊದಲ ತಿಂಗಳುಗಳಲ್ಲಿ ನಾಲ್ಕೈದು ಜನ ಆ ಗೆರೆಗೇ ಕೂಗಿದರೆ ಅವರಲ್ಲಿ ಒಬ್ಬರನ್ನು ಆರಿಸೋದು ಲಾಟರಿಯಿಂದ. ಕಾಗದದ ಚೂರು, ಡಬ್ಬಿ, ಮತ್ತೆ ಅಲ್ಲಿಗೇ.

ಇದೆಲ್ಲ ಎಲ್ಲರೂ ಸರಿಯಾಗಿ ಕಟ್ಟಿದರೆ ಬರೋ ಲೆಕ್ಕ. ಕಟ್ಟದಿದ್ದರೆ? ಮೊದಲು ಎತ್ತಿದವನು ಕಂತು ನಿಲ್ಲಿಸೋದೇ ಚೀಟಿಯ ಹಳೇ ರೋಗ. ಅದಕ್ಕೇ ನೋಂದಾಯಿತ ಕಂಪನಿಗಳು ಎತ್ತಿದ ದುಡ್ಡು ಕೊಡೋ ಮುಂಚೆ ಜಾಮೀನು ಕೇಳಿ ಜೀವ ತಿಂತಾವೆ: ಇಬ್ಬರೋ ಮೂವರೋ ಸಂಬಳದಾರರ ಸಹಿ, ಸಂಬಳದ ಪ್ರಮಾಣಪತ್ರ, ಇಲ್ಲವೇ ಆಸ್ತಿ ಪತ್ರ. ಹರಾಜಿನಲ್ಲಿ ಗೆದ್ದೂ ಜಾಮೀನು ಹೊಂದಿಸೋಕಾಗದೆ ಓಡಾಡೋರು ಬೇಕಾದಷ್ಟು ಜನ. ಕಿರಿಕಿರಿ ನಿಜ, ಆದರೆ ಕೊನೇವರೆಗೂ ಕಾಯೋನ ದುಡ್ಡು ನಿಂತಿರೋದೇ ಆ ಸಹಿಗಳ ಮೇಲೆ. ಯಾವ ಜಾಮೀನನ್ನೂ ಕೇಳದೆ ದುಡ್ಡು ಎಣಿಸಿ ಕೊಡೋ ಚೀಟಿಯಲ್ಲಿ ನೀವು ಕೊನೆಯವರಾಗಬೇಡಿ.

ಫೋರ್‌ಮನ್ನೇ ಓಡಿಹೋದರೆ ಅನ್ನೋದಕ್ಕೂ ಕಾಯ್ದೆಯಲ್ಲಿ ಏರ್ಪಾಡಿದೆ. ಚೀಟಿ ಶುರು ಮಾಡೋಕೆ ಸರ್ಕಾರದ ಪೂರ್ವಾನುಮತಿ ಬೇಕು, ಮತ್ತು ಚೀಟಿ ಮೊತ್ತದಷ್ಟು ಠೇವಣಿಯನ್ನು ರಿಜಿಸ್ಟ್ರಾರ್ ಹೆಸರಿನಲ್ಲಿ ಬ್ಯಾಂಕಿನಲ್ಲಿ ಇಡಬೇಕು. ಆದರೆ ಅದರ ಅಳತೆ ಗೊತ್ತಿರಲಿ. ನಮ್ಮ ಚೀಟಿಯ ಹತ್ತನೇ ತಿಂಗಳ ಕೊನೆಗೆ ಇನ್ನೂ ಎತ್ತದ ಹತ್ತು ಜನ ತಲಾ 41,250ರಂತೆ ಒಟ್ಟು 4,12,500 ಕಟ್ಟಿರ್ತಾರೆ. ಠೇವಣಿ ಇರೋದು ಒಂದು ಲಕ್ಷ. ಉಳಿದದ್ದೆಲ್ಲ ಎತ್ತಿದವರಿಂದ ವಸೂಲಾಗಬೇಕು.

ನೋಂದಣಿ ಎಲ್ಲಿಯದು ಅನ್ನೋದೂ ಮುಖ್ಯ. 1982ರ ಕಾಯ್ದೆ ಎಲ್ಲ ರಾಜ್ಯಗಳಲ್ಲಿ ಒಂದೇ ದಿನ ಜಾರಿಯಾಗಲಿಲ್ಲ. ಕೇರಳದಲ್ಲಿ 1975ರ ಅವರದೇ ಕಾನೂನು ಬಿಗಿಯಾಗಿತ್ತು ಅಂತ ಅಲ್ಲಿನ ಅನೇಕ ಕುರಿ ಕಂಪನಿಗಳು ದೂರದ ಫರೀದಾಬಾದ್‌ನಲ್ಲೋ ಜಮ್ಮುವಿನಲ್ಲೋ ನೋಂದಣಿ ಮಾಡಿಸಿ, ದುಡ್ಡು ಮಾತ್ರ ಕೇರಳದಲ್ಲಿ ಎತ್ತುತ್ತಿದ್ದವು. ಕಂತು ಕಟ್ಟೋ ಊರಿಗೂ ದೂರು ಕೊಡೋ ಊರಿಗೂ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಇದನ್ನು ತಡೆಯೋಕೆ ಕೇರಳ ತಂದ ತಿದ್ದುಪಡಿಯ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ, 2012ರಲ್ಲಿ ಕೇಂದ್ರ ಕಾಯ್ದೆಯ ಮುಂದೆ ಕೇರಳದ ಕಾನೂನು ನಿಲ್ಲಲ್ಲ ಅಂತ ತೀರ್ಪಾಯಿತು. ಆ ಹೊತ್ತಿಗೆ ಕೇರಳವೂ ಕೇಂದ್ರ ಕಾಯ್ದೆಯನ್ನು ಜಾರಿ ಮಾಡಿಕೊಂಡಿತ್ತು.

ಮಾರನೇ ವರ್ಷ, 2013ರಲ್ಲಿ, ಬಂಗಾಳದ ಶಾರದಾ ಗುಂಪು ಕುಸಿದಾಗ ಪತ್ರಿಕೆಗಳೆಲ್ಲ 'ಚಿಟ್ ಫಂಡ್ ಹಗರಣ' ಅಂತ ಬರೆದವು. ಅದು ಚೀಟಿಯೇ ಆಗಿರಲಿಲ್ಲ. ಹರಾಜಿಲ್ಲ, ಸದಸ್ಯರ ಗುಂಪಿಲ್ಲ, ಇಷ್ಟು ಕಟ್ಟಿದರೆ ಇಷ್ಟು ಕೊಡ್ತೀವಿ ಅಂತ ಜನರಿಂದ ದುಡ್ಡು ಎತ್ತಿದ ಯೋಜನೆಗಳು. ಗುರುತಿಸೋದು ಸುಲಭ. ನಿಜವಾದ ಚೀಟಿಯಲ್ಲಿ ನಿಮಗೆ ಎಷ್ಟು ಸಿಗುತ್ತೆ ಅಂತ ಫೋರ್‌ಮನ್‌ಗೂ ಮೊದಲೇ ಗೊತ್ತಿರಲ್ಲ, ಅದು ಇನ್ನೂ ನಡೆಯದ ಹರಾಜುಗಳ ಮೇಲೆ ನಿಂತಿರುತ್ತೆ. "ವರ್ಷಕ್ಕೆ 15 ಪರ್ಸೆಂಟ್ ಗ್ಯಾರಂಟಿ" ಅಂದವನು ಏನು ಬೇಕಾದರೂ ನಡೆಸ್ತಿರಬಹುದು, ಚೀಟಿ ನಡೆಸ್ತಿಲ್ಲ.

ಇನ್ನು ಅಪಾರ್ಟ್‌ಮೆಂಟಿನ ಚೀಟಿ, ಆಫೀಸಿನ ಚೀಟಿ, ವಾಟ್ಸಾಪ್ ಗುಂಪಿನ ಚೀಟಿ. 1982ರ ಕಾಯ್ದೆ ನೋಂದಣಿಯಿಂದ ವಿನಾಯಿತಿ ಕೊಟ್ಟದ್ದು ಒಟ್ಟು ಮೊತ್ತ 100 ರೂಪಾಯಿ ಮೀರದ ಚೀಟಿಗಳಿಗೆ ಮಾತ್ರ! ಆ ಲೆಕ್ಕದಲ್ಲಿ ಅವ್ವನ ಐದು ಸಾವಿರದ ಚೀಟಿಯೂ ಕಾನೂನಿನ ಹೊರಗೇ ನಡೆದದ್ದು. 2019ರ ತಿದ್ದುಪಡಿ ಈ ಹಾಸ್ಯಾಸ್ಪದ ಮಿತಿಯನ್ನು ತೆಗೆದು, ಎಷ್ಟು ಅನ್ನೋದನ್ನು ರಾಜ್ಯಗಳೇ ಗೊತ್ತು ಮಾಡಲಿ ಅಂದಿತು. ನೋಂದಣಿಯಿಲ್ಲದ ಚೀಟಿಯಲ್ಲಿ ಜಾಮೀನು, ಠೇವಣಿ ಎಲ್ಲದರ ಜಾಗದಲ್ಲಿ ಇರೋದು ಮುಖ ಪರಿಚಯ ಒಂದೇ. ಊರಲ್ಲಿ ಅದಕ್ಕೆ ಬೆಲೆ ಇತ್ತು, ಎತ್ತಿಕೊಂಡು ಹೋದವಳು ಮಾರನೇ ದಿನ ನೀರಿಗೆ ಅದೇ ನಲ್ಲಿಗೆ ಬರಬೇಕಿತ್ತು. ಎರಡು ವರ್ಷಕ್ಕೊಮ್ಮೆ ಕಂಪನಿ ಬದಲಾಯಿಸಿ, ಹನ್ನೊಂದು ತಿಂಗಳ ಕರಾರಿನ ಮನೆಯಲ್ಲಿರೋ ಜನರ ನಡುವೆ ಅದಕ್ಕೆ ಎಷ್ಟು ಬೆಲೆ ಅನ್ನೋದನ್ನ ನೀವೇ ಲೆಕ್ಕ ಹಾಕಬೇಕು. ನೋಂದಾಯಿತ ಚೀಟಿಯಾದರೆ ಕರಾರಿನ ಪ್ರತಿ ಮತ್ತು ಅದರ ನೋಂದಣಿ ಸಂಖ್ಯೆ ಕೇಳಿ ಇಸ್ಕೊಳ್ಳಿ. ನಮ್ಮ ರಾಜ್ಯದಲ್ಲಿ ಚೀಟಿಗಳ ರಿಜಿಸ್ಟ್ರಾರ್ ಕೆಲಸ ಸಹಕಾರ ಇಲಾಖೆಯದ್ದು, ತಕರಾರು ಬಂದರೆ ಮೊದಲು ಹೋಗಬೇಕಾದ್ದು ಸಿವಿಲ್ ಕೋರ್ಟಿಗಲ್ಲ, ಆ ಕಚೇರಿಗೆ.